ಉದ್ರಿ ಬಿಲ್ಲಿಗೆ ಮೂರೇ ವರ್ಷ: ಲಿಮಿಟೇಶನ್ ಎಣಿಸುವ ಬಗೆ, ಸಹಿ ಬಿದ್ದ ಬಾಕಿ ಪತ್ರದ ಬಲ

2025ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಫೈಲ್ ಹಿಡಿದುಕೊಂಡು ಬಂದರು. ಅವರದು ರಟ್ಟಿನ ಡಬ್ಬಿ ಮಾಡುವ ಸಣ್ಣ ಘಟಕ. ನಾನು ಇಂಥ ವ್ಯಾಪಾರಿಗಳ ಲೆಕ್ಕ ಬರೆಯುವವನು. ಧಾರವಾಡ ಕಡೆಯ ತಿಂಡಿ ತಯಾರಕರೊಬ್ಬರಿಗೆ ಮಾಲು ಕೊಟ್ಟಿದ್ದರು, ಮೂರು ಬಿಲ್ಲಿನ ದುಡ್ಡು ನಿಂತಿತ್ತು.

"ಬಿಲ್ ಐತಿ, ಚಲನ್ ಐತಿ, ಅವರೂ ಕೊಡ್ತೀನಿ ಅಂತಾರ. ಇನ್ನೇನು ಬೇಕ್ರಿ?" ಅಂದರು.

ನಾನು ಮೊದಲು ನೋಡಿದ್ದು ಮೊತ್ತ ಅಲ್ಲ, ತಾರೀಖು. ಮಾಲು ಹೋದದ್ದು 2022ರಲ್ಲಿ ಮತ್ತು 2023ರ ಜನವರಿಯಲ್ಲಿ. ಮೂರು ವರ್ಷದ ಗಡುವು ಹತ್ತಿರ ಬರುತ್ತಿತ್ತು. ಅದು ದಾಟಿದರೆ ಬಿಲ್ ಎಷ್ಟೇ ಪಕ್ಕಾ ಇರಲಿ, ಕೋರ್ಟ್‌ನಲ್ಲಿ ವಸೂಲಿ ಆಗುವುದಿಲ್ಲ.

ಅವರ ಫೈಲನ್ನೇ ಇಟ್ಟುಕೊಂಡು ಇಲ್ಲಿ ಹೇಳುತ್ತೇನೆ. ಗುರುತು ಸಿಗದಂತೆ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ.

ಮೊದಲ ಹೆಜ್ಜೆ: ಪ್ರತಿ ಬಿಲ್ಲಿಗೂ ಗಡಿಯಾರ ಯಾವತ್ತು ಶುರುವಾಯಿತು?

ನಮ್ಮ ದೇಶದಲ್ಲಿ ಇದಕ್ಕೆ ಇರುವುದು 1963ರ ಲಿಮಿಟೇಶನ್ ಕಾಯ್ದೆ. ಮಾರಿದ ಮಾಲಿನ ದುಡ್ಡಿಗೆ ದಾವೆ ಹಾಕಲು ಮೂರು ವರ್ಷ. ಇಷ್ಟು ಬಹಳ ಜನರಿಗೆ ಗೊತ್ತು. ತಪ್ಪಾಗುವುದು ಆ ಮೂರು ವರ್ಷ ಯಾವತ್ತಿನಿಂದ ಅನ್ನುವುದರಲ್ಲಿ.

ಉದ್ರಿಗೆ ಇಂತಿಷ್ಟು ದಿನ ಅಂತ ಮಾತಾಗಿರದಿದ್ದರೆ ಮಾಲು ತಲುಪಿಸಿದ ದಿನದಿಂದ ಎಣಿಕೆ. ಇದು ಕಾಯ್ದೆಯ ಪಟ್ಟಿಯಲ್ಲಿ 14ನೇ ಆರ್ಟಿಕಲ್. 30 ದಿನ, 45 ದಿನ ಅಂತ ಉದ್ರಿ ಗೊತ್ತುಮಾಡಿದ್ದರೆ ಆ ದಿನಗಳು ಮುಗಿದ ಮೇಲೆ ಎಣಿಕೆ. ಇದು 15ನೇ ಆರ್ಟಿಕಲ್. ಮಾಲಲ್ಲದೆ ಕೆಲಸ ಮಾಡಿಕೊಟ್ಟಿದ್ದರೆ, ಹಣ ಕೊಡುವ ದಿನ ಗೊತ್ತಾಗಿರದಿದ್ದರೆ, ಕೆಲಸ ಮುಗಿದ ದಿನದಿಂದ ಎಣಿಕೆ. ಅದು 18ನೇ ಆರ್ಟಿಕಲ್.

ಗಮನಿಸಿ, ಬಿಲ್ಲಿನ ಮೇಲಿರುವ ತಾರೀಖಿಗೆ ಇಲ್ಲಿ ತಾನಾಗಿ ಬೆಲೆ ಇಲ್ಲ. ಮಾಲು 14ಕ್ಕೆ ಇಳಿದು ಬಿಲ್ 20ಕ್ಕೆ ಆಗಿದ್ದರೆ 14ನ್ನೇ ಹಿಡಿಯಿರಿ. ಅದಕ್ಕೇ ಸಹಿ ಬಿದ್ದ ಡೆಲಿವರಿ ಚಲನ್ ಎಸೆಯಬಾರದು. ಉದ್ರಿಯ ದಿನ ಎಲ್ಲಿ ಬರೆದಿದೆ ಅನ್ನುವುದನ್ನೂ ನೋಡಿ. ಕೊಂಡವರ ಆರ್ಡರ್‌ನಲ್ಲಿ "30 ದಿನ" ಅಂತ ಇದ್ದರೆ ಗಟ್ಟಿ. ನಮ್ಮ ಬಿಲ್ಲಿನ ಕೆಳಗೆ ನಾವೇ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರೆ "ಅದನ್ನ ನಾವು ಒಪ್ಪಿರಲಿಲ್ಲ" ಅಂತ ಅವರು ವಾದ ಮಾಡಬಹುದು. ಅನುಮಾನ ಇದ್ದಾಗ ಬೇಗ ಮುಗಿಯುವ ತಾರೀಖನ್ನೇ ಹಿಡಿಯುವುದು ಒಳ್ಳೆಯದು.

ನಮ್ಮ ವ್ಯಾಪಾರಿಗೆ ಆರ್ಡರ್‌ನಲ್ಲೇ 30 ದಿನ ಇತ್ತು. ಹಾಗಾಗಿ ಲೆಕ್ಕ ಹೀಗಾಯಿತು:

- 41ನೇ ಬಿಲ್, 1,20,000 ರೂಪಾಯಿ. ಮಾಲು ತಲುಪಿದ್ದು 14 ಜೂನ್ 2022. ಉದ್ರಿ ಮುಗಿದದ್ದು 14 ಜುಲೈ 2022. ದಾವೆಗೆ ಕೊನೆಯ ದಿನ 14 ಜುಲೈ 2025.
- 57ನೇ ಬಿಲ್, 95,000 ರೂಪಾಯಿ. ತಲುಪಿದ್ದು 12 ಆಗಸ್ಟ್ 2022. ಉದ್ರಿ ಮುಗಿದದ್ದು 11 ಸೆಪ್ಟೆಂಬರ್ 2022. ಕೊನೆಯ ದಿನ 11 ಸೆಪ್ಟೆಂಬರ್ 2025.
- 88ನೇ ಬಿಲ್, 1,40,000 ರೂಪಾಯಿ. ತಲುಪಿದ್ದು 10 ಜನವರಿ 2023. ಉದ್ರಿ ಮುಗಿದದ್ದು 9 ಫೆಬ್ರವರಿ 2023. ಕೊನೆಯ ದಿನ 9 ಫೆಬ್ರವರಿ 2026.

ಎಣಿಕೆ ಶುರುವಾಗುವ ದಿನವನ್ನು ಬಿಟ್ಟು ಎಣಿಸಬೇಕು ಅಂತ 12ನೇ ಕಲಂ ಹೇಳುತ್ತದೆ. ಆದ್ದರಿಂದಲೇ ಅದೇ ತಾರೀಖಿಗೆ ಕೊನೆಯಾಗುತ್ತದೆ. ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಬಾಗಿಲು ತೆರೆದ ದಿನ ದಾವೆ ಹಾಕಬಹುದು.

"ನಮ್ಮದು ಒಂದೇ ಖಾತೆ, ವರ್ಷಾನುಗಟ್ಟಲೆ ನಡೀತಾನೇ ಇದೆ, ಕೊನೆಯ ಎಂಟ್ರಿಯಿಂದ ಮೂರು ವರ್ಷ ಅಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಸಾಮಾನ್ಯವಾಗಿ ಅಲ್ಲ. ಅಂಥ ಸೌಲಭ್ಯ, ಅದೂ ಕೊನೆಯ ಎಂಟ್ರಿ ಬಿದ್ದ ವರ್ಷ ಮುಗಿದ ಮೇಲೆ ಎಣಿಸುವಂಥದ್ದು, ಇರುವುದು 1ನೇ ಆರ್ಟಿಕಲ್‌ನಲ್ಲಿ. ಅದಕ್ಕೆ ಖಾತೆ ಪರಸ್ಪರದ್ದಾಗಿರಬೇಕು. ಅಂದರೆ ಅವರೂ ನಮಗೆ ಬೇರೆ ವ್ಯವಹಾರದಲ್ಲಿ ಕೊಟ್ಟು, ಒಮ್ಮೆ ನಮಗೆ ಬಾಕಿ, ಒಮ್ಮೆ ಅವರಿಗೆ ಬಾಕಿ ಆಗುವಂತಿರಬೇಕು. ನಾವು ಮಾಲು ಕಳಿಸುವುದು, ಅವರು ಆಗಾಗ ದುಡ್ಡು ಹಾಕುವುದು ಅಷ್ಟೇ ಆದರೆ ಅದು ಪರಸ್ಪರ ಖಾತೆ ಅಲ್ಲ. ಬಿಲ್ಲಿಗೊಂದು ಗಡಿಯಾರ ಬೇರೆ ಬೇರೆ ಓಡುತ್ತದೆ.

ಇನ್ನೊಂದು ಮಾತು. 15 ಮಾರ್ಚ್ 2020ರಿಂದ 28 ಫೆಬ್ರವರಿ 2022ರವರೆಗಿನ ಕೊರೊನಾ ಕಾಲವನ್ನು ಎಣಿಕೆಯಿಂದ ಬಿಡಬೇಕು ಅಂತ ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು. ಹಳೆಯ ಬಿಲ್ಲು ಇದ್ದವರು ಅದನ್ನು ಸೇರಿಸಿ ನೋಡಬೇಕು. ನಮ್ಮ ಮೂರು ಬಿಲ್ಲಿಗೂ ಅದು ತಾಗುವುದಿಲ್ಲ.

ಎರಡನೇ ಹೆಜ್ಜೆ: ಗಡಿಯಾರ ಯಾವುದಕ್ಕೆ ನಿಲ್ಲುವುದಿಲ್ಲ ಅಂತ ತಿಳಿದುಕೊಳ್ಳಿ

ಫೋನ್ ಮಾಡಿದರೆ ನಿಲ್ಲುವುದಿಲ್ಲ. ನೆನಪಿನ ಪತ್ರ ಕಳಿಸಿದರೆ ನಿಲ್ಲುವುದಿಲ್ಲ. ವಕೀಲರ ನೋಟಿಸ್ ಕಳಿಸಿದರೂ ನಿಲ್ಲುವುದಿಲ್ಲ. ಮಾತುಕತೆ ನಡೀತಿದೆ ಅನ್ನುವ ಕಾರಣಕ್ಕೂ ನಿಲ್ಲುವುದಿಲ್ಲ. ನಮ್ಮ ಖಾತೆ ಪುಸ್ತಕದಲ್ಲಿ ಅವರ ಬಾಕಿಯನ್ನು ವರ್ಷ ವರ್ಷ ಮುಂದಕ್ಕೆ ತಂದರೂ ಇಲ್ಲ, ಯಾಕೆಂದರೆ ಅದು ನಾವು ಬರೆದದ್ದು. ಬೇಕಿರುವುದು ಕೊಡಬೇಕಾದವರ ಕೈಯಿಂದ ಬಂದದ್ದು.

ಅಪೀಲಿಗೆ ತಡವಾದರೆ ಕಾರಣ ಹೇಳಿ ಕ್ಷಮೆ ಕೇಳುವ ದಾರಿ 5ನೇ ಕಲಂನಲ್ಲಿ ಇದೆ. ದಾವೆಗೆ ಆ ದಾರಿ ಇಲ್ಲ. ಎದುರಿನವರು ಸುಮ್ನೆ ಇದ್ದರೂ, ಲಿಮಿಟೇಶನ್ ಮುಗಿದಿದೆ ಅಂತ ಕಂಡರೆ ನ್ಯಾಯಾಧೀಶರೇ ದಾವೆ ವಜಾ ಮಾಡಬೇಕು. 3ನೇ ಕಲಂ ಅಷ್ಟು ಖಡಾಖಂಡಿತ.

ಮೂರನೇ ಹೆಜ್ಜೆ: ಸಹಿ ಬಿದ್ದ ಒಪ್ಪಿಗೆ ತೆಗೆದುಕೊಳ್ಳಿ

ಗಡಿಯಾರವನ್ನು ಮತ್ತೆ ಸೊನ್ನೆಯಿಂದ ಶುರುಮಾಡುವುದು ಲಿಮಿಟೇಶನ್ ಕಾಯ್ದೆಯ 18ನೇ ಕಲಂ. ಅವಧಿ ಮುಗಿಯುವುದರೊಳಗೆ, ಕೊಡಬೇಕಾದವರು ಅಥವಾ ಅವರು ಅಧಿಕಾರ ಕೊಟ್ಟವರು, ಬಾಕಿ ಇದೆ ಅಂತ ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ, ಸಹಿ ಮಾಡಿದ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಹಳೆಯದರಲ್ಲಿ ಉಳಿದ ದಿನ ಇದಕ್ಕೆ ಸೇರುವುದಿಲ್ಲ.

ಆ ಬರಹದಲ್ಲಿ ಏನಿರಬೇಕು? ಸಾಲಗಾರ ಮತ್ತು ಸಾಲ ಕೊಟ್ಟವರು ಅನ್ನುವ ಸಂಬಂಧ ಈಗಲೂ ಇದೆ, ಬಾಕಿ ಈಗಲೂ ಇದೆ ಅನ್ನುವುದು ಅದರಿಂದ ಕಾಣಬೇಕು. ಸುಪ್ರೀಂ ಕೋರ್ಟ್ 1961ರಲ್ಲಿ ಶಾಪೂರ್ ಫ್ರೀಡಂ ಮಜ್ದಾ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಇಂಥದೇ ಶಬ್ದ ಬೇಕು ಅಂತಿಲ್ಲ, ಸಂದರ್ಭದಿಂದ ಅರ್ಥ ಬಂದರೂ ಸಾಕು. ಆದರೆ ಇಲ್ಲದ ಒಪ್ಪಿಗೆಯನ್ನು ಅರ್ಥ ಎಳೆದು ತರಲು ಆಗುವುದಿಲ್ಲ.

ಉದಾಹರಣೆಗೆ "ನಿಮ್ಮ ಪತ್ರ ತಲುಪಿದೆ, ಲೆಕ್ಕ ನೋಡಿ ತಿಳಿಸುತ್ತೇವೆ" ಅನ್ನುವುದರಲ್ಲಿ ಒಪ್ಪಿಗೆ ಇಲ್ಲ. "ನೀವು ಕಳಿಸಿದ ಮಾಲು ಬಂದಿತ್ತು" ಅನ್ನುವುದು ಮಾಲಿನ ಮಾತು, ಬಾಕಿಯ ಮಾತಲ್ಲ. ಆದರೆ "ನಿಮಗೆ ಕೊಡಬೇಕಾದ ದುಡ್ಡು ಇದೆ, ಆದರೆ ಡಬ್ಬಿ ಒದ್ದೆಯಾಗಿ ಬಂದಿದ್ದವು, ಆ ನಷ್ಟ ಕಳೆಯುವವರೆಗೆ ಕೊಡುವುದಿಲ್ಲ" ಅಂತ ಬರೆದರೆ? ಇದು ಒಪ್ಪಿಗೆಯೇ. ಕೊಡುವುದಿಲ್ಲ ಅಂದರೂ, ನಷ್ಟ ಕಳೆಯುತ್ತೇವೆ ಅಂದರೂ, ಕೊಡುವ ಕಾಲ ಇನ್ನೂ ಬಂದಿಲ್ಲ ಅಂದರೂ ಒಪ್ಪಿಗೆಗೆ ಅಡ್ಡಿ ಇಲ್ಲ ಅಂತ 18ನೇ ಕಲಂನ ವಿವರಣೆಯಲ್ಲೇ ಇದೆ. ಮೊತ್ತ ಬರೆಯದಿದ್ದರೂ ನಡೆಯುತ್ತದೆ. ನಮ್ಮನ್ನು ಬಿಟ್ಟು ಬೇರೆಯವರಿಗೆ ಬರೆದ ಪತ್ರವಾದರೂ ನಡೆಯುತ್ತದೆ.

ಆದ್ದರಿಂದ ನಮ್ಮ ನೋಟಿಸಿಗೆ ಅವರ ವಕೀಲರು ಸಿಟ್ಟಿನಲ್ಲಿ ಬರೆದ ಉತ್ತರವನ್ನು ಬೇಜಾರಾಗಿ ಮೂಲೆಗೆ ಹಾಕಬೇಡಿ. ಒಂದೊಂದೇ ಸಾಲು ಓದಿ. "ನಮ್ಮ ಕಕ್ಷಿದಾರರು ಕೊಡಬೇಕಾಗಿರುವುದು ಇಷ್ಟೇ ಹೊರತು ಅಷ್ಟಲ್ಲ" ಅನ್ನುವ ಮಾತು ಅಲ್ಲಿ ಸಿಗಬಹುದು. ಆ "ಇಷ್ಟು" ನಿಮಗೆ ಒಪ್ಪಿಗೆಯಾಗಿ ಸಿಕ್ಕಿತು.

ಸಹಿ ಯಾರದು ಅನ್ನುವುದು ಅಷ್ಟೇ ಮುಖ್ಯ. ಒಬ್ಬರೇ ಮಾಲೀಕರಾದರೆ ಅವರದು. ಕಂಪನಿಯಾದರೆ ನಿರ್ದೇಶಕರದು ಅಥವಾ ಲೆಕ್ಕದ ಅಧಿಕಾರ ಇರುವವರದು. ಪಾಲುದಾರಿಕೆ ಸಂಸ್ಥೆಯಾದರೆ "ಸಂಸ್ಥೆಯ ಪರವಾಗಿ" ಅಂತ ಬರೆದು, ಸೀಲು ಹಾಕಿ, ವ್ಯವಹಾರ ನೋಡಿಕೊಳ್ಳುವ ಪಾಲುದಾರರೇ ಸಹಿ ಮಾಡಬೇಕು. ಒಬ್ಬ ಪಾಲುದಾರ ಸಹಿ ಮಾಡಿದ ಅನ್ನುವ ಒಂದೇ ಕಾರಣಕ್ಕೆ ಇನ್ನೊಬ್ಬರು ಹೊಣೆ ಆಗುವುದಿಲ್ಲ ಅಂತ 20ನೇ ಕಲಂ ಇದೆ. ಗೋದಾಮಿನ ಹುಡುಗನ ಸಹಿ ಮಾಲು ಇಳಿದದ್ದಕ್ಕೆ ಸಾಕ್ಷಿ ಆಗುತ್ತದೆ, ಬಾಕಿ ಒಪ್ಪಿದ್ದಕ್ಕೆ ಅಲ್ಲ.

ನಾಲ್ಕನೇ ಹೆಜ್ಜೆ: ಪತ್ರ ಹೀಗೆ ಬರೆಯಿರಿ

ಜಗಳದ ಮುಖ ಹೊತ್ತು ಹೋದರೆ ಯಾರೂ ಸಹಿ ಮಾಡುವುದಿಲ್ಲ. ಇದಕ್ಕೆ ವ್ಯಾಪಾರದಲ್ಲೇ ಒಂದು ಸಹಜ ದಾರಿ ಇದೆ: ಮಾರ್ಚ್ ಲೆಕ್ಕ ಮುಗಿಸುವಾಗ ಕಳಿಸುವ ಬ್ಯಾಲೆನ್ಸ್ ಕನ್ಫರ್ಮೇಶನ್ ಪತ್ರ. ಆಡಿಟ್‌ಗೆ ಅವರಿಗೂ ಬೇಕು, ನಮಗೂ ಬೇಕು. ನಮ್ಮ ವ್ಯಾಪಾರಿ ಧಾರವಾಡಕ್ಕೆ ಹೋಗಿ "ಆಡಿಟರ್ ಕೇಳ್ಯಾರ್ರಿ, ಲೆಕ್ಕ ತಾಳೆ ನೋಡಿ ಒಂದು ಸಹಿ ಮಾಡ್ರಿ" ಅಂದರು. ಚಹಾ ಕುಡಿಯುವಷ್ಟರಲ್ಲಿ ಸಹಿ ಆಯಿತು. ಪತ್ರದಲ್ಲಿ ಇದ್ದದ್ದು ಇಷ್ಟು:

> 31 ಮಾರ್ಚ್ 2025ಕ್ಕೆ ನಮ್ಮ ಸಂಸ್ಥೆಯು ನಿಮಗೆ ಕೊಡಬೇಕಾದ ಬಾಕಿ 3,05,000 ರೂಪಾಯಿ. ವಿವರ: ಬಿಲ್ 41ರಲ್ಲಿ 70,000, ಬಿಲ್ 57ರಲ್ಲಿ 95,000, ಬಿಲ್ 88ರಲ್ಲಿ 1,40,000. ನಮ್ಮ ಪುಸ್ತಕದ ಪ್ರಕಾರ ಈ ಬಾಕಿ ಸರಿ ಇದೆ ಎಂದು ಒಪ್ಪಿದ್ದೇವೆ.
> ಸಂಸ್ಥೆಯ ಪರವಾಗಿ, ಹೆಸರು, ಹುದ್ದೆ, ಸಹಿ, ಸೀಲು, ಸಹಿ ಮಾಡಿದ ತಾರೀಖು.

ಬಿಲ್ ನಂಬರ್‌ಗಳನ್ನು ಬಿಡಿಬಿಡಿಯಾಗಿ ಬರೆಸಿದ್ದು ಬೇಕೆಂದೇ. ಸುಮ್ನೆ ಒಟ್ಟು ಮೊತ್ತ ಬರೆದರೆ, ಅದು ಯಾವ ಬಿಲ್ಲಿನದು ಅಂತ ಮುಂದೆ ತಕರಾರು ತೆಗೆಯಬಹುದು. ಕೊನೆಯಲ್ಲಿ ಸಹಿ ಮಾಡಿದ ತಾರೀಖನ್ನು ಅವರ ಕೈಯಲ್ಲೇ ಬರೆಸಿ. ತಾರೀಖು ಇಲ್ಲದಿದ್ದರೆ ಯಾವತ್ತು ಸಹಿ ಆಯಿತು ಅಂತ ಸಾಕ್ಷಿ ಹೇಳಿಸಬಹುದು ನಿಜ. ಆದರೆ ಪತ್ರವೇ ಕಳೆದುಹೋದರೆ ಅದರಲ್ಲಿ ಏನಿತ್ತು ಅಂತ ಬಾಯಿಮಾತಿನಲ್ಲಿ ಹೇಳಿ ಒಪ್ಪಿಸುವುದು ಬಹಳ ಕಷ್ಟ. ಮೂಲ ಪ್ರತಿ ಜೋಪಾನ.

ಅವರು ಸಹಿ ಮಾಡಿದ್ದು 22 ಏಪ್ರಿಲ್ 2025. ಮೂರು ಬಿಲ್ಲೂ ಆಗ ಜೀವಂತ ಇದ್ದವು. ಆದ್ದರಿಂದ ಮೂರಕ್ಕೂ ಹೊಸ ಕೊನೆಯ ದಿನ 22 ಏಪ್ರಿಲ್ 2028. ಲೆಕ್ಕ 31 ಮಾರ್ಚ್‌ದು, ಆದರೆ ಎಣಿಕೆ ಸಹಿಯ ದಿನದಿಂದ. ಇದನ್ನು ಬಹಳ ಜನ ತಪ್ಪಿಸುತ್ತಾರೆ.

ಅದೇ ಪತ್ರಕ್ಕೆ 25 ಸೆಪ್ಟೆಂಬರ್ 2025ರಂದು ಸಹಿ ಬಿದ್ದಿದ್ದರೆ ಏನಾಗುತ್ತಿತ್ತು? 57ನೇ ಬಿಲ್ 11 ಸೆಪ್ಟೆಂಬರ್‌ಗೇ ಸತ್ತಿರುತ್ತಿತ್ತು. 41ನೇದು ಯಾಕೆ ಉಳಿಯುತ್ತಿತ್ತು ಅಂತ ಕೆಳಗೆ ಹೇಳುತ್ತೇನೆ. 18ನೇ ಕಲಂ ಉಸಿರಾಡುತ್ತಿರುವ ಬಾಕಿಗೆ ಆಯಸ್ಸು ಕೊಡುತ್ತದೆ, ಸತ್ತದ್ದನ್ನು ಎಬ್ಬಿಸುವುದಿಲ್ಲ. ಹದಿನಾಲ್ಕು ದಿನಕ್ಕೆ 95,000 ರೂಪಾಯಿ ಕೈತಪ್ಪುತ್ತಿತ್ತು.

ಮಧ್ಯೆ ಬಂದ ಐವತ್ತು ಸಾವಿರ

41ನೇ ಬಿಲ್ 1,20,000 ಇದ್ದದ್ದು 70,000 ಹೇಗಾಯಿತು ಅಂತ ನೀವು ಕೇಳಬಹುದು. ಕೊಂಡವರು 5 ಮಾರ್ಚ್ 2024ರಂದು 50,000ದ ಚೆಕ್ ಕೊಟ್ಟಿದ್ದರು, ಅದು ಪಾಸಾಗಿತ್ತು. 19ನೇ ಕಲಂ ಪ್ರಕಾರ ಅವಧಿಯೊಳಗೆ ಬಾಕಿಯ ಒಂದು ಭಾಗ ಕೊಟ್ಟರೂ, ಕೊಟ್ಟ ದಿನದಿಂದ ಹೊಸ ಮೂರು ವರ್ಷ. ಆದರೆ ಕೊಟ್ಟದ್ದಕ್ಕೆ ಅವರ ಕೈಬರಹ ಅಥವಾ ಸಹಿ ಇರುವ ದಾಖಲೆ ಬೇಕು. ಚೆಕ್ ಮೇಲೆ ಸಹಿ ಇರುತ್ತದೆ, ಹಾಗಾಗಿ ಅದು ಒಳ್ಳೆಯ ದಾಖಲೆ. ಬ್ಯಾಂಕಿಗೆ ಹಾಕುವ ಮೊದಲು ಎರಡೂ ಬದಿಯ ಫೋಟೊ ತೆಗೆದಿಡಿ. ನಗದು ಕೊಟ್ಟರೆ, ಫೋನಿನಲ್ಲಿ ಹಾಕಿದರೆ, "ಇಂಥ ಬಿಲ್ಲಿನ ಬಾಬ್ತು ಇಷ್ಟು ಕೊಟ್ಟಿದ್ದೇವೆ, ಉಳಿದದ್ದು ಇಷ್ಟು" ಅಂತ ಅವರಿಂದ ಒಂದು ಸಾಲು ಬರೆಸಿಕೊಳ್ಳಿ. ಆ ಒಂದು ಸಾಲಿನಲ್ಲಿ 18 ಮತ್ತು 19 ಎರಡೂ ಕಲಂ ಕೂಡುತ್ತವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಚೆಕ್ಕನ್ನು 41ನೇ ಬಿಲ್ಲಿಗೆ ಜಮಾ ಮಾಡಿದ್ದರು. ಹಾಗಾಗಿ ಆಯಸ್ಸು ಬೆಳೆದದ್ದು 41ಕ್ಕೆ ಮಾತ್ರ. ಅದರ ಕೊನೆಯ ದಿನ 5 ಮಾರ್ಚ್ 2027ಕ್ಕೆ ಹೋಯಿತು. 57 ಮತ್ತು 88 ಇದ್ದಲ್ಲೇ ಇದ್ದವು. "ದುಡ್ಡು ಬಂದಿದೆಯಲ್ಲ, ಖಾತೆ ಎಲ್ಲಾ ಸರಿ ಹೋಯ್ತು" ಅಂತ ನಿಶ್ಚಿಂತೆಯಾಗಿ ಕೂತಿದ್ದರೆ 57 ಕೈಬಿಟ್ಟು ಹೋಗುತ್ತಿತ್ತು.

ವಾಟ್ಸಾಪ್, ಇಮೇಲ್ ನಡೆಯುತ್ತವೆಯೇ?

ಇಮೇಲ್‌ನಲ್ಲಿ ಬಾಕಿ ಒಪ್ಪಿದ್ದು 18ನೇ ಕಲಂಗೆ ಸಾಕಾಗುತ್ತದೆ ಅಂತ ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸುದರ್ಶನ್ ಕಾರ್ಗೋ ಪ್ರಕರಣದಲ್ಲಿ ಹೇಳಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯನ್ನು ಜೊತೆಗಿಟ್ಟು ಓದಿ ಕೊಟ್ಟ ತೀರ್ಪು ಅದು. ಹಾಗಾಗಿ ಕೊರಿಯರ್ ಕಳಿಸಲಾಗದ ಕಡೆ ಇಮೇಲ್ ದಾರಿ ಇದೆ. ಸಂಸ್ಥೆಯ ಅಧಿಕೃತ ವಿಳಾಸದಿಂದಲೇ, ಅಧಿಕಾರ ಇರುವವರಿಂದಲೇ ಉತ್ತರ ಬರಲಿ.

ವಾಟ್ಸಾಪ್‌ನ ತೊಂದರೆ ಬೇರೆ. ನಮ್ಮ ವ್ಯಾಪಾರಿಯ ಫೋನ್ ತುಂಬಾ "ಮುಂದಿನ ವಾರ ಹಾಕ್ತೀನ್ರಿ" ಅನ್ನುವ ಮೆಸೇಜ್ ಇದ್ದವು. ಏನು ಹಾಕುತ್ತಾರೆ, ಎಷ್ಟು, ಯಾವ ಬಿಲ್ಲಿಂದು? ಯಾವುದೂ ಇಲ್ಲ. ಮೊದಲು ನೀವೇ "ಬಿಲ್ 41, 57, 88ರ ಬಾಕಿ 3,05,000 ಇದೆ, ಸರಿ ಇದೆಯಾ?" ಅಂತ ಕೇಳಿ. ಅದಕ್ಕೆ "ಹೌದು" ಬಂದರೆ ಆ ಹೌದಿಗೆ ಅರ್ಥ ಇರುತ್ತದೆ. ಇಂಥ ದಾಖಲೆ ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಫೋನ್ ಮಾರಬೇಡಿ, ಚಾಟ್ ಅಳಿಸಬೇಡಿ. ಏನೇ ಆದರೂ ಶಾಯಿಯ ಸಹಿ ಸಿಗುವ ಕಡೆ ಅದನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಬಿಲ್ ಕಾಣುತ್ತದೆ ಅನ್ನುವುದನ್ನು, ಟಿಡಿಎಸ್ ಕಟ್ಟಿದ್ದಾರೆ ಅನ್ನುವುದನ್ನು ಮಾತ್ರ ನಂಬಿ ಕೂರಬೇಡಿ.

ಕೊಂಡವರು ಕಂಪನಿಯಾಗಿದ್ದರೆ ಅವರ ಬ್ಯಾಲೆನ್ಸ್ ಶೀಟ್ ತೆಗೆಸಿ ನೋಡಿ. ಅದರಲ್ಲಿನ ಬಾಕಿಯ ನಮೂದು ಒಪ್ಪಿಗೆ ಆಗಬಹುದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಬಿಶಾಲ್ ಜೈಸ್ವಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಜೊತೆಯಲ್ಲಿ ಇರುವ ಟಿಪ್ಪಣಿಗಳನ್ನೂ ಓದಬೇಕು. ಅಲ್ಲಿ "ಈ ಬಾಕಿ ನಮಗೆ ಒಪ್ಪಿಗೆ ಇಲ್ಲ" ಅಂತ ಇದ್ದರೆ ಕಥೆ ಬೇರೆ.

ಅವಧಿ ಮುಗಿದೇ ಹೋಗಿದ್ದರೆ

ಆಗ ಉಳಿಯುವುದು ಕರಾರು ಕಾಯ್ದೆಯ 25ನೇ ಕಲಂನ ಮೂರನೇ ಉಪಕಲಂ. ಅವಧಿ ಮುಗಿದ ಬಾಕಿಯನ್ನು ಕೊಡುತ್ತೇನೆ ಅಂತ ಬರೆದು ಸಹಿ ಮಾಡಿದರೆ ಅದು ಹೊಸ ಕರಾರು. ಇಲ್ಲಿ "ಬಾಕಿ ಇದೆ" ಸಾಲದು, "ಕೊಡುತ್ತೇನೆ" ಬೇಕು. "ಬಿಲ್ 57ರ 95,000 ರೂಪಾಯಿಯನ್ನು 31 ಡಿಸೆಂಬರ್ ಒಳಗೆ ಕೊಡುತ್ತೇವೆ" ಅನ್ನುವಷ್ಟು ಸ್ಪಷ್ಟ ಇರಲಿ. ಒಂದು ಭಾಗ ಮಾತ್ರ ಕೊಡುತ್ತೇನೆ ಅಂದರೆ ಅಷ್ಟಕ್ಕೆ ಮಾತ್ರ ಹಕ್ಕು.

ಇನ್ನೊಂದು ಸಣ್ಣ ಅನುಕೂಲ ಇದೆ. ಕಾನೂನು ಮುಚ್ಚುವುದು ಕೋರ್ಟಿನ ದಾರಿ, ಬಾಕಿ ಅಳಿಸುವುದಿಲ್ಲ. ಯಾವ ಬಿಲ್ಲಿಗೆ ಅಂತ ಹೇಳದೆ ಅವರು ದುಡ್ಡು ಕಳಿಸಿದರೆ, ಅದನ್ನು ಅವಧಿ ಮುಗಿದ ಬಿಲ್ಲಿಗೇ ಜಮಾ ಮಾಡಿಕೊಳ್ಳಲು ಅದೇ ಕಾಯ್ದೆಯ 60ನೇ ಕಲಂ ಬಿಡುತ್ತದೆ. ಹಾಗೆ ಮಾಡಿದರೆ ತಕ್ಷಣ ಅವರಿಗೆ ಬರೆದು ತಿಳಿಸಿ.

ತಾರೀಖಿನ ಪಟ್ಟಿ ಇಟ್ಟುಕೊಳ್ಳಿ

ಎಕ್ಸೆಲ್‌ನಲ್ಲಿ ಆರು ಕಾಲಂ ಸಾಕು. A ಕಾಲಂನಲ್ಲಿ ಬಿಲ್ ನಂಬರ್. B ಕಾಲಂನಲ್ಲಿ ಮಾಲು ತಲುಪಿದ ದಿನ, C ಕಾಲಂನಲ್ಲಿ ಉದ್ರಿಯ ದಿನಗಳು, D ಕಾಲಂನಲ್ಲಿ ಒಪ್ಪಿಗೆಗೆ ಸಹಿ ಬಿದ್ದ ದಿನ. ಮೊದಲ ಸೂತ್ರವನ್ನು E2ರಲ್ಲಿ, ಎರಡನೆಯದನ್ನು F2ರಲ್ಲಿ ಹಾಕಿ:

```
=EDATE(B2+C2,36)
=IF(AND(D2>0,D2<=E2),MAX(E2,EDATE(D2,36)),E2)
```

E ಮೂಲ ಕೊನೆಯ ದಿನ, F ಈಗಿನ ಕೊನೆಯ ದಿನ. ಸಹಿ ತಡವಾಗಿ ಬಿದ್ದಿದ್ದರೆ F ಮುಂದಕ್ಕೆ ಹೋಗುವುದಿಲ್ಲ, ಹಳೆಯ ತಾರೀಖನ್ನೇ ತೋರಿಸುತ್ತದೆ. ಎರಡನೇ ಸಲ ಸಹಿ ಸಿಕ್ಕಾಗ ಹೊಸ ಸಾಲು ಬರೆಯಿರಿ, ಅದರ E ಜಾಗದಲ್ಲಿ ಸೂತ್ರದ ಬದಲು ಹಿಂದಿನ ಸಾಲಿನ F ತಾರೀಖು ಹಾಕಿ, ಹಳೆಯ D ಅಳಿಸಬೇಡಿ. ಮೊದಲ ಒಪ್ಪಿಗೆ ಇಲ್ಲದೆ ಎರಡನೆಯದು ನಿಲ್ಲುವುದಿಲ್ಲ, ಸರಪಳಿಯ ಎಲ್ಲ ಕೊಂಡಿಯೂ ಕೋರ್ಟಿಗೆ ಬೇಕು.

ದಾವೆ ಹಾಕುವ ಹೊತ್ತು ಬಂದರೆ

ಕೊನೆಯ ದಿನಕ್ಕೆ ಆರೇಳು ತಿಂಗಳು ಇರುವಾಗಲೇ ವಕೀಲರ ಹತ್ತಿರ ಹೋಗಿ. ವ್ಯಾಪಾರದ ಬಾಕಿ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ತುರ್ತು ಆದೇಶ ಬೇಡದ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಅರ್ಜಿ ಹಾಕಲೇಬೇಕು. ಕಮರ್ಷಿಯಲ್ ಕೋರ್ಟ್ ಕಾಯ್ದೆಯ 12ಎ ಕಲಂ ಇದು. ಹಾಕದೆ ಹೋದರೆ ದಾವೆ ತಿರಸ್ಕಾರ ಆಗುತ್ತದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಪಾಟೀಲ್ ಆಟೊಮೇಶನ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಮಧ್ಯಸ್ಥಿಕೆಯಲ್ಲಿ ಕಳೆದ ಕಾಲ ಎಣಿಕೆಗೆ ಬರುವುದಿಲ್ಲ. ಆದರೂ ಕೊನೆಯ ವಾರದವರೆಗೆ ತಳ್ಳಬೇಡಿ. ನಮ್ಮ ವ್ಯಾಪಾರಿಯ ಬಾಕಿ 3,05,000, ಅಂದರೆ ಇದೇ ದಾರಿ.

ದಾವೆಯ ಅರ್ಜಿಯಲ್ಲಿ ಒಪ್ಪಿಗೆಯ ವಿಷಯ ಬರೆದಿದೆಯಾ ಅಂತ ನೀವೇ ಓದಿ ನೋಡಿ. ಮೂಲ ಅವಧಿ ಮುಗಿದ ಮೇಲೆ ದಾವೆ ಹಾಕುವವರು, ಯಾವ ಆಧಾರದ ಮೇಲೆ ಅವಧಿ ಉಳಿದಿದೆ ಅಂತ ಅರ್ಜಿಯಲ್ಲೇ ಹೇಳಬೇಕು ಅನ್ನುತ್ತದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 6ನೇ ನಿಯಮ. ನಮ್ಮ ಪ್ರಕರಣದಲ್ಲಾದರೆ ಆ ಸಾಲು ಹೀಗಿರುತ್ತದೆ: "ಪ್ರತಿವಾದಿಯು ದಿನಾಂಕ 22-04-2025ರಂದು ಮೂರೂ ಬಿಲ್ಲುಗಳ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿರುವುದರಿಂದ, 18ನೇ ಕಲಂ ಪ್ರಕಾರ ದಾವೆಯು ಅವಧಿಯೊಳಗೆ ಇದೆ." ಪತ್ರದ ಮೂಲ ಪ್ರತಿ, ಚೆಕ್ಕಿನ ಫೋಟೊ, ಅದು ಜಮಾ ಆದ ಬ್ಯಾಂಕ್ ಸ್ಟೇಟ್‌ಮೆಂಟ್, ಮೂರು ಚಲನ್, 30 ದಿನ ಅಂತ ಬರೆದಿದ್ದ ಆರ್ಡರ್, ಇವಿಷ್ಟನ್ನೂ ಒಂದೇ ಫೈಲಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿ ವಕೀಲರ ಕೈಗೆ ಕೊಡಿ.